ಗ್ರೂಪಿಗೆ ಬಂದ ಕೆಲಸದ ಸುದ್ದಿ: ಕಂಪನಿ ನಿಜವಾಗಿದ್ದರೆ ಸಾಲದು

ಪುಣೆಯಲ್ಲಾಗಲಿ, ಮುಂಬಯಿ, ಚೆನ್ನೈ, ಹೈದರಾಬಾದಿನಲ್ಲಾಗಲಿ, ಕನ್ನಡಿಗರ ಯಾವುದಾದರೂ ವಾಟ್ಸಾಪ್ ಗ್ರೂಪನ್ನು ತೆರೆದು ನೋಡಿ. ರಾಜ್ಯೋತ್ಸವದ ಆಮಂತ್ರಣ, ಬಾಡಿಗೆ ಮನೆಯ ವಿಚಾರಣೆ, ಊರಿಗೆ ಹೊರಟವರ ಬಸ್ಸಿನ ಪ್ರಶ್ನೆ, ಇವುಗಳ ನಡುವೆ ಎಲ್ಲೋ ಒಂದು ಕಡೆ ‘ಅರ್ಜೆಂಟ್ ಹೈರಿಂಗ್’ ಎಂಬ ಸಂದೇಶ ಇದ್ದೇ ಇರುತ್ತದೆ. ಅದನ್ನು ಹಾಕಿದವರು ಸಜ್ಜನರು. ಓದುವವರಲ್ಲಿ ಒಂದಿಬ್ಬರಾದರೂ ನಿಜವಾಗಿ ಕೆಲಸ ಹುಡುಕುತ್ತಿರುತ್ತಾರೆ. ಹಾಕಿದವರ ಸಜ್ಜನಿಕೆ ಮತ್ತು ಓದುವವರ ಅಗತ್ಯ, ಈ ಎರಡರ ನಡುವಿನ ಸಂದಿಯಲ್ಲೇ ಮೋಸ ನುಗ್ಗುವುದು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಬುದ್ಧಿಮಾತು ‘ಕಂಪನಿ ನಿಜವೇ ಎಂದು ನೋಡಿಕೊಳ್ಳಿ’ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಬುದ್ಧಿಮಾತು, ಕೆಲವೊಮ್ಮೆ ಅಪಾಯಕಾರಿ ಕೂಡ. ಚೆನ್ನಾಗಿ ಹೆಣೆದ ಸುಳ್ಳು ಕೆಲಸದಲ್ಲಿ ಕಂಪನಿ ಯಾವಾಗಲೂ ನಿಜವೇ ಆಗಿರುತ್ತದೆ. ಅದರ ವೆಬ್‌ಸೈಟು ನಿಜ, ಕಾರ್ಖಾನೆ ನಿಜ, ಕೆಲವೊಮ್ಮೆ ಖಾಲಿ ಹುದ್ದೆಯೂ ನಿಜ. ಸುಳ್ಳಾಗಿರುವುದು ಒಂದೇ: ನಿಮ್ಮೊಡನೆ ಮಾತಾಡುತ್ತಿರುವ ವ್ಯಕ್ತಿಗೂ ಆ ಕಂಪನಿಗೂ ಇರುವ ಸಂಬಂಧ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಈ ಕಂಪನಿ ಇದೆಯೇ’ ಎಂಬುದಲ್ಲ, ‘ಈ ಮನುಷ್ಯ ಈ ಕಂಪನಿಯ ಪರವಾಗಿ ಮಾತಾಡುತ್ತಿದ್ದಾನೆಯೇ’ ಎಂಬುದು. ಅದಕ್ಕೆ ಉತ್ತರ, ಆ ಸಂದೇಶವೇ ತೋರಿಸಿದ ದಾರಿಯಲ್ಲಿ ಎಂದೂ ಸಿಗುವುದಿಲ್ಲ. ಅದರಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ‘ಇದು ನಿಜವೇ’ ಎಂದು ಕೇಳಿದರೆ ‘ನಿಜ’ ಎಂದೇ ಹೇಳುತ್ತಾರೆ. ಬೇರೆ ಏನು ಹೇಳಿಯಾರು?

ಹಾಗಾದರೆ ಗ್ರೂಪಿನ ಕೆಲಸದ ಸುದ್ದಿಗಳನ್ನೇ ಬಿಟ್ಟುಬಿಡುವುದೇ? ಬೇಡ. ದೊಡ್ಡ ಜಾಬ್ ಪೋರ್ಟಲುಗಳಲ್ಲಿ ಒಂದು ಹುದ್ದೆಗೆ ಬಂದು ಬೀಳುವ ಅರ್ಜಿಗಳ ರಾಶಿಯಲ್ಲಿ ನಿಮ್ಮದನ್ನು ಯಾರಾದರೂ ತೆರೆದು ಓದುತ್ತಾರೆಂಬ ಖಾತ್ರಿಯಿಲ್ಲ. ಗ್ರೂಪಿನಲ್ಲಿ ಒಬ್ಬರು ‘ನಮ್ಮ ಟೀಮಿನಲ್ಲಿ ಒಂದು ಜಾಗ ಇದೆ, ರೆಸ್ಯುಮೆ ಕಳಿಸಿ, ಒಳಗೆ ರೆಫರ್ ಮಾಡುತ್ತೇನೆ’ ಎಂದರೆ ಅದರ ಬೆಲೆಯೇ ಬೇರೆ. ಎಷ್ಟೋ ಕಂಪನಿಗಳು ಹೊರಗೆ ಜಾಹೀರಾತು ಕೊಡುವ ಮೊದಲು ಒಳಗಿನವರನ್ನು ಕೇಳುತ್ತವೆ. ಪರವೂರಿನಲ್ಲಿ ನೆಂಟರಿಲ್ಲದ, ಕಾಲೇಜಿನ ಗೆಳೆಯರಿಲ್ಲದ ಒಬ್ಬ ಹೊಸಬರಿಗೆ ಈ ಬಾಗಿಲು ತೆರೆಯುವುದು ಭಾಷೆಯ ಬಳಗದಿಂದಲೇ. ಆ ಬಾಗಿಲನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದೇ ಇಲ್ಲಿ ನನ್ನ ಕಾಳಜಿ.

ಮೊದಲು ಎರಡು ಬಗೆಯ ಸಂದೇಶಗಳನ್ನು ಬೇರೆ ಮಾಡಿಕೊಳ್ಳೋಣ. ಒಂದು, ಹಾಕಿದವರು ತಾವೇ ಕಣ್ಣಾರೆ ಬಲ್ಲ ಕೆಲಸ. ‘ನನ್ನ ಮ್ಯಾನೇಜರ್ ಹುಡುಕುತ್ತಿದ್ದಾರೆ’, ‘ನಮ್ಮ ಪ್ಲಾಂಟಿನಲ್ಲಿ ಈ ಜಾಗ ಖಾಲಿ ಆಗಿದೆ’ ಎಂಬಂಥವು. ಇನ್ನೊಂದು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿರುವ ಕೆಲಸ. ಎರಡೂ ಗ್ರೂಪಿನಲ್ಲಿ ಒಂದೇ ಹೆಸರಿನ ಕೆಳಗೆ, ಒಂದೇ ಅಕ್ಷರದಲ್ಲಿ ಕಾಣುತ್ತವೆ. ಹದಿನೈದು ವರ್ಷದಿಂದ ಬಲ್ಲ ಹಿರಿಯರೊಬ್ಬರ ಹೆಸರು ಮೇಲಿದ್ದಾಗ, ಅವರ ಮೇಲಿನ ನಮ್ಮ ವಿಶ್ವಾಸ ಕೆಳಗಿನ ಸಂದೇಶಕ್ಕೂ ಹರಿದುಬಿಡುತ್ತದೆ. ಆದರೆ ಅವರು ಅದನ್ನು ಬರೆದವರಲ್ಲ, ಪರೀಕ್ಷಿಸಿದವರೂ ಅಲ್ಲ. ಅಂಚೆಯಣ್ಣ ಒಳ್ಳೆಯವನೆಂದು ಕಾಗದದಲ್ಲಿ ಇರುವುದೆಲ್ಲ ನಿಜವಾಗುವುದಿಲ್ಲವಲ್ಲ.

ವಾಟ್ಸಾಪ್ ಇಲ್ಲಿ ಒಂದು ಸಣ್ಣ ಸುಳಿವು ಕೊಡುತ್ತದೆ. ಮುಂದಕ್ಕೆ ಕಳಿಸಿದ ಸಂದೇಶದ ಮೇಲೆ ಬಾಣದ ಗುರುತು 2018ರಿಂದ ಬರುತ್ತಿದೆ. ಮೂಲ ಕಳಿಸಿದವರಿಂದ ಐದು ಕೈ ಅಥವಾ ಅದಕ್ಕಿಂತ ಹೆಚ್ಚು ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣ ಇರುತ್ತದೆ. ಜೋಡಿ ಬಾಣ ಕಂಡರೆ, ಅದನ್ನು ಹಾಕಿದವರಿಗೆ ಮೂಲ ಗೊತ್ತಿರುವ ಸಂಭವ ತೀರ ಕಡಿಮೆ ಎಂದು ತಿಳಿಯಬಹುದು. ಆದರೆ ಬಾಣ ಇಲ್ಲವೆಂದರೆ ಸಂದೇಶ ಅವರದೇ ಎಂದು ತಿಳಿಯುವ ಹಾಗಿಲ್ಲ. ಅಕ್ಷರಗಳನ್ನು ಕಾಪಿ ಮಾಡಿ ಅಂಟಿಸಿದರೆ ಬಾಣ ಹೋಗಿಬಿಡುತ್ತದೆ, ಸ್ಕ್ರೀನ್‌ಶಾಟ್ ಹಾಕಿದರೂ ಅಷ್ಟೆ. ಗುರುತು ಇದ್ದರೆ ಅದು ಎಚ್ಚರಿಕೆ, ಇಲ್ಲದಿದ್ದರೆ ಅದು ಖಾತ್ರಿಯಲ್ಲ.

ಇನ್ನೊಂದು ಸುಳಿವು ದಿನಾಂಕ. ‘ಈ ಶನಿವಾರ ವಾಕ್-ಇನ್’ ಎಂದು ಇರುತ್ತದೆ, ಯಾವ ಶನಿವಾರ ಎಂದು ಇರುವುದಿಲ್ಲ. ಇಂಥ ಸಂದೇಶ ಮೂಲತಃ ನಿಜವಾದದ್ದೇ ಇರಬಹುದು, ಆದರೆ ಆ ಶನಿವಾರ ಕಳೆದು ತಿಂಗಳುಗಳೇ ಆಗಿರಬಹುದು. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಆದರೂ ಒಂದು ದಿನದ ರಜೆ ಹಾಕಿ, ಲೋಕಲ್ ಹಿಡಿದು, ಗೇಟಿನ ತನಕ ಹೋಗಿ, ಸೆಕ್ಯುರಿಟಿಯವರಿಂದ ‘ಇಲ್ಲಿ ಯಾವ ಇಂಟರ್‌ವ್ಯೂನೂ ಇಲ್ಲ’ ಎಂದು ಕೇಳಿ ವಾಪಸ್ ಬಂದವರು ಇದ್ದಾರೆ. ಪರಿಶೀಲನೆ ಬೇಕಾಗಿರುವುದು ಕಳ್ಳರನ್ನು ಹಿಡಿಯಲು ಮಾತ್ರವಲ್ಲ, ಹಳಸಿದ್ದನ್ನು ಹೊರಗಿಡಲು ಕೂಡ.

ಇನ್ನು ಒಂದು ಉದಾಹರಣೆಯನ್ನು ಹೆಜ್ಜೆಹೆಜ್ಜೆಯಾಗಿ ನೋಡೋಣ. ಇದು ನಾನು ಕಟ್ಟಿದ ಉದಾಹರಣೆ, ಯಾವ ನಿಜವಾದ ಕಂಪನಿಯದೂ ಅಲ್ಲ. ಅದಕ್ಕೆಂದೇ ವಿಳಾಸಗಳ ಕೊನೆಯಲ್ಲಿ `.example` ಎಂದು ಹಾಕಿದ್ದೇನೆ. ಇಂಥ ವಿವರಣೆಗಳಿಗಾಗಿಯೇ ಮೀಸಲಿಟ್ಟ ಹೆಸರು ಅದು. ನಿಜ ಜೀವನದಲ್ಲಿ ಆ ಜಾಗದಲ್ಲಿ `.com` ಅಥವಾ `.in` ಎಂದು ಓದಿಕೊಳ್ಳಿ.

ಪುಣೆಯ ಒಂದು ಕನ್ನಡ ಗ್ರೂಪಿಗೆ ಬಂದ ಸಂದೇಶ ಹೀಗಿದೆ ಎಂದಿಟ್ಟುಕೊಳ್ಳಿ:

“ಅರ್ಜೆಂಟ್ ಹೈರಿಂಗ್! ಕ್ವಾಲಿಟಿ ಇಂಜಿನಿಯರ್, ಚಾಕಣ ಪ್ಲಾಂಟ್. ಅನುಭವ 2ರಿಂದ 5 ವರ್ಷ. ವರ್ಷಕ್ಕೆ 9 ಲಕ್ಷದವರೆಗೆ. ನೇರ ಕಂಪನಿ ರೋಲ್. ಶನಿವಾರದೊಳಗೆ ರೆಸ್ಯುಮೆ ಕಳಿಸಿ: hr@company-careers.example. ಗೊತ್ತಿರುವವರಿಗೆಲ್ಲ ಹಂಚಿ.”

ಓದಿದವಳು ಹುಬ್ಬಳ್ಳಿ ಕಡೆಯಿಂದ ಬಂದ, ಮೂರು ವರ್ಷ ಅನುಭವವಿರುವ ಹುಡುಗಿ. ಈಗಿರುವ ಕೆಲಸದಲ್ಲಿ ಸಂಬಳ ಸಾಲುತ್ತಿಲ್ಲ. ಅವಳು ಏನೇನು ಮಾಡಬೇಕು?

ಮೊದಲ ಹೆಜ್ಜೆ, ಹಾಕಿದವರನ್ನೇ ಕೇಳುವುದು. ಗ್ರೂಪಿನಲ್ಲಿ ಎಲ್ಲರೆದುರು ಬೇಡ, ಬೇರೆಯಾಗಿ. “ಸರ್, ಇದು ನಿಮಗೆ ಪರಿಚಯದವರ ಕಡೆಯಿಂದ ಬಂದದ್ದಾ, ಅಥವಾ ಬೇರೆ ಗ್ರೂಪಿನಿಂದಾ?” ಇಷ್ಟು ಸಾಕು. ಕೇಳಲು ನಮ್ಮವರಿಗೆ ಸಂಕೋಚ, ಹಿರಿಯರನ್ನು ಅನುಮಾನಿಸಿದಂತೆ ಆಗುತ್ತದೆಂದು. ಆದರೆ ಪ್ರಶ್ನೆ ಅವರ ಮೇಲಲ್ಲ, ಸಂದೇಶದ ಮೇಲೆ. ಉತ್ತರ ಹೀಗೆ ಬರುತ್ತದೆ ಎಂದುಕೊಳ್ಳೋಣ: “ಬ್ಯಾರೆ ಗ್ರೂಪಿನ್ಯಾಗ ಬಂದಿತ್ತವಾ, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಹಾಕೀನಿ.” ಒಂದು ನಿಮಿಷದಲ್ಲಿ ಬಹಳ ದೊಡ್ಡ ವಿಷಯ ಗೊತ್ತಾಯಿತು. ಈ ಸಂದೇಶದ ಹಿಂದೆ ಗ್ರೂಪಿನ ಯಾರೂ ಇಲ್ಲ. ಇನ್ನು ಇದನ್ನು ಬೀದಿಯಲ್ಲಿ ಸಿಕ್ಕ ಚೀಟಿಯಂತೆ ನೋಡಬೇಕು.

ಎರಡನೆಯ ಹೆಜ್ಜೆ, ವಿಳಾಸವನ್ನು ಓದುವುದು. ಇಮೇಲ್ ವಿಳಾಸದಲ್ಲಿ `@` ಚಿಹ್ನೆಯ ಎಡಕ್ಕೆ ಇರುವುದಕ್ಕೆ ಬೆಲೆಯಿಲ್ಲ. `hr`, `careers`, `recruitment`, ಏನು ಬೇಕಾದರೂ ಯಾರು ಬೇಕಾದರೂ ಬರೆದುಕೊಳ್ಳಬಹುದು. ಬಲಕ್ಕಿರುವುದನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಕಂಪನಿಯ ವೆಬ್‌ಸೈಟು `company.example` ಎಂದಿದ್ದರೆ, `careers.company.example` ಎಂಬುದು ಆ ಕಂಪನಿಯ ಮನೆಯೊಳಗಿನ ಒಂದು ಕೋಣೆ. ಕೊನೆಯ ಎರಡು ತುಂಡುಗಳು ಕಂಪನಿಯದೇ ಆಗಿವೆ, ಅದನ್ನು ತೆರೆಯಲು ಕಂಪನಿಗೆ ಮಾತ್ರ ಸಾಧ್ಯ. ಆದರೆ `company-careers.example` ಎಂಬುದು ಬೇರೆಯದೇ ಮನೆ. ನಡುವಿನದು ಚುಕ್ಕೆಯಲ್ಲ, ಅಡ್ಡಗೆರೆ. ಅಂಥ ಹೆಸರನ್ನು ಯಾರು ಬೇಕಾದರೂ ಸಣ್ಣ ಮೊತ್ತಕ್ಕೆ ಕೊಂಡು, ಅದರ ಮೇಲೆ ಕಂಪನಿಯ ಲೋಗೋ ಹಾಕಿ ವೆಬ್‌ಸೈಟನ್ನೂ ಎಬ್ಬಿಸಬಹುದು. ಹೆಸರಿನಲ್ಲಿ ಕಂಪನಿಯ ಹೆಸರು ಇದೆ ಎಂಬುದೇ ಇಲ್ಲಿನ ಕಣ್ಕಟ್ಟು.

ಇಷ್ಟಕ್ಕೇ ‘ಸುಳ್ಳು’ ಎಂದು ತೀರ್ಮಾನಿಸಬಾರದು. ಕೆಲವು ಕಂಪನಿಗಳು ನೇಮಕಾತಿಗೆಂದು ನಿಜವಾಗಿಯೂ ಬೇರೆ ಹೆಸರು ಇಟ್ಟುಕೊಂಡಿರುತ್ತವೆ. ಕೆಲವು ನೇಮಕಾತಿಯನ್ನು ಹೊರಗಿನ ಏಜೆನ್ಸಿಗೆ ವಹಿಸಿರುತ್ತವೆ, ಆಗ ವಿಳಾಸ ಏಜೆನ್ಸಿಯದಾಗಿರುತ್ತದೆ. ಹತ್ತಿಪ್ಪತ್ತು ಜನರಿರುವ ಸಣ್ಣ ವರ್ಕ್‌ಶಾಪಿನ ಮಾಲೀಕರು ಜಿಮೇಲಿನಲ್ಲೇ ವ್ಯವಹಾರ ನಡೆಸುತ್ತಾರೆ. ವಿಳಾಸ ಹೇಳುವುದು ಇಷ್ಟೆ: ಈ ಮನುಷ್ಯನಿಗೂ ಕಂಪನಿಗೂ ಇರುವ ಸಂಬಂಧ ಇನ್ನೂ ಸಾಬೀತಾಗಿಲ್ಲ.

ಮೂರನೆಯ ಹೆಜ್ಜೆ, ನಿಜವಾದ ದಾರಿ ಹಿಡಿಯುವುದು. ಸಂದೇಶದಲ್ಲಿರುವ ಲಿಂಕನ್ನು ಒತ್ತದೆ, ಕಂಪನಿಯ ವೆಬ್‌ಸೈಟಿಗೆ ತಾನಾಗಿ ಹೋಗಬೇಕು. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕನ್ನು ಬಿಟ್ಟು ಕೆಳಗಿನದನ್ನು ತೆರೆಯುವುದು ಒಳ್ಳೆಯದು. ಕಂಪನಿಯ ಹಳೆಯ ಬಿಲ್ಲು, ಉತ್ಪನ್ನದ ಡಬ್ಬಿ, ವಾರ್ಷಿಕ ವರದಿ, ಇವುಗಳಲ್ಲಿರುವ ವೆಬ್ ವಿಳಾಸ ಇನ್ನೂ ನಂಬಿಕಸ್ಥ. ಅಲ್ಲಿ ಕೆರಿಯರ್ಸ್ ಪುಟ ತೆರೆದು ಚಾಕಣ, ಕ್ವಾಲಿಟಿ ಎಂದು ಹುಡುಕಬೇಕು. ಹುದ್ದೆ ಅಲ್ಲಿದ್ದರೆ ಅಲ್ಲೇ ಅರ್ಜಿ ಹಾಕಿದರಾಯಿತು, ಸಂದೇಶದಲ್ಲಿರುವ ವಿಳಾಸದ ಗೊಡವೆಯೇ ಬೇಡ.

ಹುದ್ದೆ ಅಲ್ಲಿಲ್ಲದಿದ್ದರೆ? ಆಗಲೂ ಅದು ಸುಳ್ಳೆಂದು ಆಗಲಿಲ್ಲ. ಎಲ್ಲ ಜಾಗಗಳೂ ವೆಬ್‌ಸೈಟಿಗೆ ಬರುವುದಿಲ್ಲ. ಆಗ ವೆಬ್‌ಸೈಟಿನಲ್ಲಿರುವ ಆಫೀಸಿನ ನಂಬರಿಗೆ ಫೋನ್ ಮಾಡಿ, ರಿಸೆಪ್ಷನ್ನಿನವರಿಂದ ಎಚ್.ಆರ್. ವಿಭಾಗಕ್ಕೆ ಹಾಕಿಸಿಕೊಂಡು ಎರಡು ಪ್ರಶ್ನೆ ಕೇಳಬೇಕು. ‘ಚಾಕಣದಲ್ಲಿ ಈ ಹುದ್ದೆಗೆ ಆಳು ತೆಗೆದುಕೊಳ್ಳುತ್ತಿದ್ದೀರಾ? ಅದನ್ನು ನೀವೇ ನೋಡುತ್ತಿದ್ದೀರೋ, ಏಜೆನ್ಸಿಗೆ ಕೊಟ್ಟಿದ್ದೀರೋ, ಕೊಟ್ಟಿದ್ದರೆ ಯಾವುದಕ್ಕೆ?’ ಏಜೆನ್ಸಿಯ ಹೆಸರನ್ನು ಅವರ ಬಾಯಿಂದಲೇ ಬರಿಸಬೇಕು. ನಾವೇ ಹೆಸರು ಹೇಳಿ ‘ಹೌದಾ’ ಎಂದರೆ, ಗಡಿಬಿಡಿಯಲ್ಲಿರುವವರು ‘ಇರಬಹುದು’ ಎಂದುಬಿಡುತ್ತಾರೆ.

ಫೋನ್ ಯಾರೂ ಎತ್ತದಿದ್ದರೆ ಇಮೇಲಿನ ದಾರಿಯಿದೆ. ಇದರ ಹಿಂದಿನ ತರ್ಕವನ್ನು ತಿಳಿದುಕೊಂಡಿರುವುದು ಲೇಸು. ಕಳಿಸಿದವರ ಹೆಸರು ಮತ್ತು ವಿಳಾಸವನ್ನು ನಕಲಿ ಮಾಡಿ ಮೇಲ್ ಕಳಿಸುವುದು ಎಷ್ಟೋ ಸಂದರ್ಭಗಳಲ್ಲಿ ಸಾಧ್ಯ. ಆದರೆ ಆ ವಿಳಾಸಕ್ಕೆ ಬರುವ ಮೇಲನ್ನು ಓದಬೇಕೆಂದರೆ, ಆ ಖಾತೆಗೆ ಕನ್ನ ಹಾಕದ ಹೊರತು ನಕಲಿ ಮಾಡಿದವನಿಗೆ ಆಗದು. ಕಂಪನಿಯ ಹೆಸರಿಗೆ ಬಂದ ಟಪಾಲು ಕಂಪನಿಯ ಬಾಗಿಲಿಗೇ ಹೋಗುತ್ತದೆ. ಆದ್ದರಿಂದ ಬಂದ ಮೇಲಿಗೆ ‘ರಿಪ್ಲೈ’ ಒತ್ತಬಾರದು, ಅದು ಸದ್ದಿಲ್ಲದೆ ಬೇರೆ ವಿಳಾಸಕ್ಕೆ ಹೋಗುವಂತೆ ಇಟ್ಟಿರಬಹುದು. ಹೊಸ ಮೇಲ್ ತೆರೆದು, ವೆಬ್‌ಸೈಟಿನಲ್ಲಿ ಕಂಡ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ‘ಇಂಥ ಸಂದೇಶ ನೋಡಿದೆ, ಇದು ನಿಮ್ಮದೇ?’ ಎಂದು ಕೇಳಬೇಕು. ಅಲ್ಲಿಂದ ‘ಹೌದು’ ಎಂದು ಬಂದ ಉತ್ತರಕ್ಕೆ ಬೆಲೆಯಿದೆ.

ನಮ್ಮ ಉದಾಹರಣೆಯ ಹುಡುಗಿಗೆ ಎಚ್.ಆರ್.ನಿಂದ ಬಂದ ಉತ್ತರ ಹೀಗಿತ್ತು ಎಂದುಕೊಳ್ಳಿ: ಹುದ್ದೆ ನಿಜವಾಗಿಯೂ ಇದೆ, ವೆಬ್‌ಸೈಟಿನಲ್ಲೂ ಹಾಕಿದ್ದೇವೆ, ಆದರೆ ಪಟ್ಟಿಯಲ್ಲಿ ‘ಚಾಕಣ’ ಬದಲು ‘ಪುಣೆ’ ಎಂದಿದೆ; ಯಾವ ಏಜೆನ್ಸಿಗೂ ಕೊಟ್ಟಿಲ್ಲ; ಆ ಇಮೇಲ್ ವಿಳಾಸ ನಮ್ಮದಲ್ಲ. ಅಂದರೆ ಯಾರೋ ನಿಜವಾದ ಜಾಹೀರಾತನ್ನು ಎತ್ತಿ, ವಿಳಾಸವೊಂದನ್ನು ಮಾತ್ರ ಬದಲಿಸಿ, ಗ್ರೂಪುಗಳಿಗೆ ಬಿಟ್ಟಿದ್ದಾರೆ. ‘ಕಂಪನಿ ನಿಜವೇ’ ಎಂದು ನೋಡಿದ್ದರೆ ನಿಜ. ‘ಹುದ್ದೆ ನಿಜವೇ’ ಎಂದು ನೋಡಿದ್ದರೂ ನಿಜ. ಸುಳ್ಳು ಇದ್ದದ್ದು ಒಂದೇ ಸಾಲಿನಲ್ಲಿ. ಇಷ್ಟಕ್ಕೂ ಅವಳಿಗೆ ತಗುಲಿದ್ದು ಅರ್ಧ ಗಂಟೆ, ಒಂದು ಫೋನ್ ಕರೆ. ಕೈಗೆ ಬಂದದ್ದು ನಿಜವಾದ ಹುದ್ದೆಗೆ ನೇರ ದಾರಿ. ಪರಿಶೀಲನೆ ಎಂದರೆ ಅವಕಾಶ ಕಳೆದುಕೊಳ್ಳುವುದು ಎನ್ನುವವರು ಈ ಕೊನೆಯ ಭಾಗವನ್ನು ಗಮನಿಸಬೇಕು.

ಅವಳು ಕೇಳದೆ ರೆಸ್ಯುಮೆಯನ್ನು ಆ ವಿಳಾಸಕ್ಕೆ ಕಳಿಸಿದ್ದರೆ ಮುಂದಿನ ಕಥೆ ಬಹುಮಟ್ಟಿಗೆ ಒಂದೇ ಅಚ್ಚಿನದು. ಎರಡು ದಿನದಲ್ಲಿ ಫೋನ್. ಹತ್ತು ನಿಮಿಷದ ‘ಇಂಟರ್‌ವ್ಯೂ’, ಅದರಲ್ಲಿ ಕೆಲಸದ ಬಗ್ಗೆ ಆಳವಾದ ಪ್ರಶ್ನೆ ಒಂದೂ ಇಲ್ಲ. ಮರುದಿನ ಲೆಟರ್‌ಹೆಡ್ಡಿನ ಮೇಲೆ ಆಫರ್ ಲೆಟರ್, ಸಹಿ, ಸೀಲು ಸಮೇತ. ಆಮೇಲೆ ಲ್ಯಾಪ್‌ಟಾಪಿನ ಡಿಪಾಜಿಟ್ಟು, ದಾಖಲೆ ಪರಿಶೀಲನೆಯ ಶುಲ್ಕ, ಗೇಟ್ ಪಾಸ್, ಮೆಡಿಕಲ್ ಟೆಸ್ಟ್, ಹೀಗೆ ಯಾವುದೋ ಹೆಸರಿನಲ್ಲಿ ಕೆಲವು ಸಾವಿರ ರೂಪಾಯಿ, ‘ಮೊದಲ ಸಂಬಳದಲ್ಲಿ ವಾಪಸ್’ ಎಂಬ ಮಾತು. ಕೊಟ್ಟರೆ ಇನ್ನೊಂದು ಹೆಸರು, ಇನ್ನೊಂದು ಮೊತ್ತ.

ಆ ಲೆಟರನ್ನು ಓದುವುದಕ್ಕೂ ಒಂದು ಕ್ರಮವಿದೆ. 2013ರ ಕಂಪನಿ ಕಾಯ್ದೆಯ 12ನೇ ಕಲಂ ಪ್ರಕಾರ ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಅದರ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಫೋನ್, ಇಮೇಲ್ ಇವುಗಳ ಜೊತೆಗೆ ಸಿ.ಐ.ಎನ್. ಎಂಬ ಗುರುತಿನ ಸಂಖ್ಯೆ ಇರಬೇಕು. ಅದರಲ್ಲಿ 21 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಅಕ್ಷರ ಕಂಪನಿ ಷೇರುಪೇಟೆಯಲ್ಲಿದೆಯೋ ಇಲ್ಲವೋ ಎಂದು ಹೇಳುತ್ತದೆ. ನಡುವೆ ರಾಜ್ಯದ ಎರಡಕ್ಷರ, ಮಹಾರಾಷ್ಟ್ರಕ್ಕೆ `MH`, ಕರ್ನಾಟಕಕ್ಕೆ `KA`. ಅದರ ಹಿಂದೆಯೇ ನೋಂದಣಿಯ ವರ್ಷ. ಕಂಪನಿ ವ್ಯವಹಾರ ಸಚಿವಾಲಯದ `mca.gov.in` ತಾಣದಲ್ಲಿ ಈ ಸಂಖ್ಯೆ ಯಾರದೆಂದು ನೋಡಬಹುದು. ‘ಮೂವತ್ತು ವರ್ಷದ ಹೆಸರಾಂತ ಸಂಸ್ಥೆ’ ಎಂದು ಬರೆದ ಪತ್ರದ ಸಂಖ್ಯೆಯಲ್ಲಿ ಹೋದ ವರ್ಷದ ಇಸವಿ ಇದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಆದರೆ ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು, ಏಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಸಿ.ಐ.ಎನ್. ಗುಟ್ಟಿನ ಸಂಖ್ಯೆಯಲ್ಲ. ಕಂಪನಿಯ ವೆಬ್‌ಸೈಟಿನಿಂದ ಎತ್ತಿ ಯಾರು ಬೇಕಾದರೂ ಪತ್ರದ ಮೇಲೆ ಅಂಟಿಸಬಹುದು. ಸಂಖ್ಯೆ ಸರಿಯಾಗಿದ್ದರೆ ಅಂಥ ಕಂಪನಿ ಇದೆ ಎಂದಾಯಿತೇ ಹೊರತು, ಈ ಪತ್ರವನ್ನು ಅದೇ ಬರೆದಿದೆ ಎಂದಾಗಲಿಲ್ಲ. ಪಾಲುದಾರಿಕೆಯ ಸಂಸ್ಥೆಗಳಿಗೆ, ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೆ ಈ ಸಂಖ್ಯೆ ಇರುವುದೇ ಇಲ್ಲ. ಹಾಗಾಗಿ ಇದು ಸುಳ್ಳನ್ನು ಹಿಡಿಯುವ ಜರಡಿಯಾಗಬಹುದು, ನಿಜವನ್ನು ಸಾಬೀತು ಮಾಡುವ ಮುದ್ರೆಯಲ್ಲ. ಕೊನೆಗೂ ನಾವು ಮೊದಲ ಪ್ರಶ್ನೆಗೇ ಬರಬೇಕು: ಕಂಪನಿಯ ಸ್ವಂತ ಬಾಗಿಲಿನಿಂದ ‘ಹೌದು, ಇವರು ನಮ್ಮವರು’ ಎಂಬ ಮಾತು ಬಂತೇ?

ಇಷ್ಟು ಓದಿದ ಮೇಲೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ದಿನಕ್ಕೆ ಹತ್ತು ಸಂದೇಶ ಬರುವಾಗ ಪ್ರತಿಯೊಂದಕ್ಕೂ ಅರ್ಧ ಗಂಟೆ ಕೊಡಲಾಗುವುದೇ? ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗುವುದಿಲ್ಲವೇ? ನನ್ನ ಉತ್ತರ ಇದು: ಎಲ್ಲ ಹೆಜ್ಜೆಗಳಿಗೂ ಒಂದೇ ಪ್ರಮಾಣದ ಪರೀಕ್ಷೆ ಬೇಡ. ನೀವು ಏನು ಕೊಡುತ್ತಿದ್ದೀರಿ ಎಂಬುದಕ್ಕೆ ತಕ್ಕಂತೆ ಪರೀಕ್ಷೆ ಇರಲಿ.

ರೆಸ್ಯುಮೆ ಕೊಡುವುದು ಚಿಕ್ಕ ಹೆಜ್ಜೆ. ಹಾಕಿದವರನ್ನು ಒಂದು ಮಾತು ಕೇಳಿ, ವಿಳಾಸ ಓದಿ, ತೀರ ಕೆಟ್ಟದ್ದೇನೂ ಕಾಣದಿದ್ದರೆ ಕಳಿಸಬಹುದು. ಆದರೆ ಅದರಲ್ಲಿ ಹೆಸರು, ಫೋನ್, ಇಮೇಲ್, ಊರು, ಓದು, ಅನುಭವ ಇವಿಷ್ಟೇ ಇರಲಿ. ಜನ್ಮ ದಿನಾಂಕ, ಮನೆಯ ಪೂರ್ತಿ ವಿಳಾಸ, ತಂದೆಯ ಹೆಸರು, ಪ್ಯಾನ್ ಸಂಖ್ಯೆ ಬರೆಯುವ ಹಳೆಯ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಆಯ್ಕೆ ಮಾಡುವವರಿಗೆ ಆ ಹಂತದಲ್ಲಿ ಅದು ಯಾವುದೂ ಬೇಕಾಗಿಲ್ಲ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೊಡುವುದು ದೊಡ್ಡ ಹೆಜ್ಜೆ. ನಿಜವಾದ ಕಂಪನಿಯೂ ಇವನ್ನು ಕೇಳುತ್ತದೆ, ಆದರೆ ಸಾಮಾನ್ಯವಾಗಿ ಆಯ್ಕೆಯಾದ ಮೇಲೆ, ಸೇರುವ ಹೊತ್ತಿಗೆ. ಅದಕ್ಕೂ ಮೊದಲೇ ವಾಟ್ಸಾಪಿನಲ್ಲಿ ಕೇಳಿದರೆ ‘ಸೇರುವಾಗ ಕೊಡುತ್ತೇನೆ’ ಎನ್ನಬಹುದು. ಕೊಡಲೇಬೇಕಾಗಿ ಬಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಯು.ಐ.ಡಿ.ಎ.ಐ. ತಾಣದಿಂದ ಇಳಿಸಿಕೊಳ್ಳಬಹುದು. ಓ.ಟಿ.ಪಿ.ಯನ್ನಂತೂ ಯಾವ ಕೆಲಸಕ್ಕೂ ಯಾರಿಗೂ ಹೇಳಬೇಕಾಗಿಲ್ಲ.

ಹಣ ಕೊಡುವ ಹೆಜ್ಜೆಗೆ ನನ್ನ ಮಟ್ಟಿಗೆ ಪರೀಕ್ಷೆಯೇ ಬೇಡ, ಉತ್ತರ ಮೊದಲೇ ಇದೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಶುಲ್ಕ ಕೇಳುವುದಿಲ್ಲ. ವಿದೇಶದ ಕೆಲಸ ಮಾತ್ರ ಬೇರೆ, ಅಲ್ಲಿ ಶುಲ್ಕ ಪಡೆಯಲು ಕಾನೂನಿನಲ್ಲೇ ಅವಕಾಶವಿದೆ. ಮುಂಬಯಿಯ ಏಜೆಂಟರ ಮೂಲಕ ಕೊಲ್ಲಿ ದೇಶಗಳಿಗೆ ಹೋಗುವ ಕರಾವಳಿಯವರಿಗೆ ಇದು ಮುಖ್ಯ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ಏಜೆಂಟರು ಮಾತ್ರ ಹೀಗೆ ಜನ ಕಳಿಸಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಿತಿಯಿದೆ. ನೋಂದಣಿಯನ್ನು `emigrate.gov.in` ತಾಣದಲ್ಲಿ ನೋಡಬಹುದು. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ’ ಎಂದರೆ ಹೊರಡಬಾರದು. ಡೇಟಾ ಎಂಟ್ರಿ ಕೆಲಸವೆಂದು ಮ್ಯಾನ್ಮಾರ್, ಕಾಂಬೋಡಿಯಾಗಳಿಗೆ ಕರೆದೊಯ್ದು, ಕೂಡಿಹಾಕಿ, ಇತರರಿಗೆ ಆನ್‌ಲೈನ್ ಮೋಸ ಮಾಡಲು ಹಚ್ಚಿದ ಪ್ರಕರಣಗಳಲ್ಲಿ ಭಾರತ ಸರ್ಕಾರವೇ ಜನರನ್ನು ಬಿಡಿಸಿ ತಂದಿದೆ.

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಹಣದ್ದಲ್ಲ, ಇರುವ ಕೆಲಸಕ್ಕೆ ರಾಜೀನಾಮೆ ಕೊಡುವುದು. ಇದರ ಬಗ್ಗೆ ಎಚ್ಚರಿಸುವವರು ಕಡಿಮೆ. ಐದು ಸಾವಿರ ಹೋದರೆ ಒಂದು ತಿಂಗಳ ಕಷ್ಟ. ಸುಳ್ಳು ಆಫರ್ ನಂಬಿ ನೋಟಿಸ್ ಕೊಟ್ಟು ಹೊರಬಂದರೆ ಪರವೂರಿನಲ್ಲಿ ಬಾಡಿಗೆ, ಸಾಲದ ಕಂತು, ಮಕ್ಕಳ ಶಾಲೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಆದ್ದರಿಂದ ಆಫರ್ ಎಷ್ಟೇ ನಿಜವೆಂದು ಕಂಡರೂ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಅಥವಾ ವಿಳಾಸಕ್ಕೆ ತಾನಾಗಿ ಸಂಪರ್ಕಿಸಿ, ತನ್ನ ಹೆಸರಿನ ಆಫರ್ ಅಲ್ಲಿ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ತನಕ ರಾಜೀನಾಮೆ ಪತ್ರ ಬರೆಯಬಾರದು. ನಿಜವಾಗಿ ನೇಮಿಸಿಕೊಂಡವರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಇಷ್ಟು ಹೊರೆಯನ್ನೂ ಕೆಲಸ ಹುಡುಕುವವರ ತಲೆಯ ಮೇಲೇ ಹೇರುವುದು ನ್ಯಾಯವಲ್ಲ. ಅವರು ಆತಂಕದಲ್ಲಿರುತ್ತಾರೆ, ಆತಂಕದಲ್ಲಿ ಅನುಮಾನ ಮಾಡುವುದು ಕಷ್ಟ. ಸಂದೇಶ ಹಾಕುವವರು ನಿಶ್ಚಿಂತರಾಗಿರುತ್ತಾರೆ, ಅವರಿಗೆ ಒಂದು ನಿಮಿಷ ಹೆಚ್ಚಿಗೆ ಕೊಡುವುದು ಸುಲಭ. ‘ಸುಮ್ಮನೆ ಹಾಕಿದೆ, ನೋಡಿಕೊಳ್ಳುವುದು ಅವರವರ ಜವಾಬ್ದಾರಿ’ ಎಂಬ ಮಾತನ್ನು ನಾನು ಒಪ್ಪಲಾರೆ. ಗ್ರೂಪಿನಲ್ಲಿ ನಿಮ್ಮ ಹೆಸರಿಗೆ ತೂಕವಿದೆ, ಆ ತೂಕ ಸಂದೇಶಕ್ಕೂ ಸೇರುತ್ತದೆ ಎಂಬುದನ್ನು ನೀವು ತಡೆಯಲಾರಿರಿ.

ಹಾಗಾಗಿ ನಮ್ಮ ಗ್ರೂಪುಗಳ ಅಡ್ಮಿನ್‌ಗಳಿಗೆ ನನ್ನ ಸಲಹೆ ಒಂದೇ. ಕೆಲಸದ ಸುದ್ದಿ ಹಾಕುವವರು ಅದರ ಮೇಲೆ ತಮ್ಮ ಮಾತಿನಲ್ಲಿ ಮೂರು ವಿಷಯ ಬರೆಯಲಿ: ಇದು ನನಗೆ ಹೇಗೆ ಗೊತ್ತು, ಕಂಪನಿಯ ಸ್ವಂತ ತಾಣದಲ್ಲಿ ಇದು ಎಲ್ಲಿದೆ, ನಾನು ಇದನ್ನು ನೋಡಿದ ದಿನಾಂಕ ಯಾವುದು. ‘ನನ್ನ ಟೀಮಿನದೇ ಹುದ್ದೆ’ ಎಂದಾದರೆ ಹಾಗೆ ಬರೆಯಲಿ. ‘ಬೇರೆ ಗ್ರೂಪಿನಿಂದ ಬಂದದ್ದು, ನಾನು ಪರಿಶೀಲಿಸಿಲ್ಲ’ ಎಂದಾದರೆ ಅದನ್ನೂ ಬರೆಯಲಿ, ಅದರಲ್ಲಿ ಅವಮಾನವೇನೂ ಇಲ್ಲ. ಸಂದೇಶಗಳ ಸಂಖ್ಯೆ ಕಡಿಮೆಯಾಗಬಹುದು. ಕಡಿಮೆಯಾದರೆ ಒಳ್ಳೆಯದೇ, ಉಳಿದವನ್ನು ಜನ ಓದುತ್ತಾರೆ. ಹುಡುಕುವವರಿಗೂ ಗ್ರೂಪಿನ ಹಳೆಯ ಸಂದೇಶಗಳಲ್ಲಿ ‘ನನ್ನ ಟೀಮಿನದೇ’ ಎಂದು ಹುಡುಕಿದರೆ ಯಾವ ಕಂಪನಿಯೊಳಗೆ ನಮ್ಮವರು ಯಾರಿದ್ದಾರೆ ಎಂಬ ನಕ್ಷೆಯೇ ಸಿಗುತ್ತದೆ. ನೂರು ಫಾರ್ವರ್ಡುಗಳಿಗಿಂತ ಆ ನಕ್ಷೆ ಹೆಚ್ಚು ಉಪಯೋಗಿ.

ಇನ್ನೊಂದು ಅಭ್ಯಾಸವೂ ಬೇಕು. ಸುಳ್ಳೆಂದು ಗೊತ್ತಾದಾಗ, ಅದನ್ನು ಬಂದ ಜಾಗದಲ್ಲೇ, ಆ ಸಂದೇಶಕ್ಕೇ ಉತ್ತರವಾಗಿ ಹೇಳಬೇಕು. ‘ಕಂಪನಿಗೆ ಫೋನ್ ಮಾಡಿದೆ, ಈ ವಿಳಾಸ ಅವರದಲ್ಲ, ನಿಜವಾದ ಹುದ್ದೆ ಇಲ್ಲಿದೆ’ ಎಂಬ ಒಂದು ಸಾಲು, ಹಾಕಿದವರ ಮೇಲೆ ಆರೋಪವಿಲ್ಲದೆ. ಸಂದೇಶವನ್ನು ಸದ್ದಿಲ್ಲದೆ ಅಳಿಸಿದರೆ ಆಗಲೇ ಓದಿಕೊಂಡು ಹೋದವರಿಗೆ ಅದು ತಲುಪುವುದಿಲ್ಲ.

ಯಾರಾದರೂ ಈಗಾಗಲೇ ಹಣ ಕಳಿಸಿಬಿಟ್ಟಿದ್ದರೆ, ಅವರನ್ನು ಬೈಯುವ ಮೊದಲು 1930ಕ್ಕೆ ಫೋನ್ ಮಾಡಿಸಿ. ಅದು ಆನ್‌ಲೈನ್ ಹಣದ ಮೋಸಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ದೂರನ್ನು `cybercrime.gov.in` ತಾಣದಲ್ಲೂ ಕೊಡಬಹುದು. ಮೋಸಗಾರರು ಹಣವನ್ನು ಖಾತೆಗಳಿಂದ ಹೊರತೆಗೆಯುವ ಮೊದಲು ತಡೆಹಿಡಿಸಲು ಸಾಧ್ಯವಾದರೆ ವಾಪಸ್ ಸಿಗುವ ಆಸೆ ಹೆಚ್ಚು, ಆದ್ದರಿಂದ ಗಂಟೆಗಳ ಲೆಕ್ಕವಿದೆ. ವ್ಯವಹಾರದ ಸಂಖ್ಯೆ, ಹಣ ಹೋದ ಖಾತೆ ಅಥವಾ ಯು.ಪಿ.ಐ. ವಿಳಾಸ, ಆ ಸಂದೇಶ, ಇವುಗಳನ್ನು ಅಳಿಸದೆ ಇಟ್ಟುಕೊಂಡಿರಬೇಕು. ನಾಚಿಕೆಯಿಂದ ಚಾಟ್ ಅಳಿಸಿ ಕೂತವರಿಗೆ ಪೊಲೀಸರ ಬಳಿ ತೋರಿಸಲು ಏನೂ ಉಳಿಯುವುದಿಲ್ಲ.

ಕನ್ನಡದ ಗ್ರೂಪೆಂದು ಮೋಸಗಾರರು ಅದನ್ನು ಬಿಟ್ಟುಬಿಡುವುದಿಲ್ಲ. ಕನ್ನಡದಲ್ಲಿ ಬಂದ ಸಂದೇಶ ನಮಗೆ ಸ್ವಲ್ಪ ಹೆಚ್ಚು ನಂಬಲರ್ಹವೆನಿಸುತ್ತದೆ ಎಂಬುದು ಅವರಿಗೂ ಗೊತ್ತಿರಬಹುದು. ಆ ನಂಬಿಕೆ ಇರಬೇಕಾದದ್ದು ‘ಇದು ನಿಮಗೆ ಹೇಗೆ ಗೊತ್ತು’ ಎಂದು ಕೇಳಿದಾಗ ಉತ್ತರ ಕೊಡಬಲ್ಲವರ ಮೇಲೆ. ಮುಂದಿನ ಸಲ ಗ್ರೂಪಿನಲ್ಲಿ ‘ಅರ್ಜೆಂಟ್ ಹೈರಿಂಗ್’ ಕಂಡಾಗ ಆ ಪ್ರಶ್ನೆಯನ್ನು ಕೇಳಿ. ಹಾಕುವವರು ನೀವೇ ಆಗಿದ್ದರೆ, ಯಾರೂ ಕೇಳುವ ಮೊದಲೇ ಅದರ ಉತ್ತರವನ್ನು ಬರೆದುಬಿಡಿ.